ಒಂದು ಲಾಟ್ ಬಟ್ಟೆಯನ್ನು ತಿರಸ್ಕರಿಸಿದ ಬಗೆ

ನಾನು ಬೆಂಗಳೂರಿನ ಗಾರ್ಮೆಂಟ್ ಕಾರ್ಖಾನೆಯೊಂದರಲ್ಲಿ ಬಟ್ಟೆ ತಪಾಸಣೆ ನೋಡಿಕೊಳ್ಳುತ್ತೇನೆ. ಶರ್ಟಿಗೆಂದು ತರಿಸಿದ ನೀಲಿ ಕಾಟನ್ ಬಟ್ಟೆ ಎರಡು ಡೈಯಿಂಗ್ ಲಾಟ್‌ಗಳಲ್ಲಿ, ಅಂದರೆ ಬೇರೆಬೇರೆಯಾಗಿ ಬಣ್ಣ ಹಾಕಿದ ಎರಡು ಕಂತುಗಳಲ್ಲಿ ಬಂದಾಗ, ಸರಕು ಸ್ವೀಕೃತಿ ಚೀಟಿಯಲ್ಲಿ ‘ತಪಾಸಣೆ ಬಾಕಿ’ ಎಂದು ಬರೆಸಿ, ಒಂದು ರೋಲನ್ನೂ ಕಟಿಂಗ್‌ಗೆ ಬಿಡದಂತೆ ತಡೆದೆ. ಕತ್ತರಿ ಆಡಿದ ಬಟ್ಟೆಯನ್ನು ಯಾವ ಮಿಲ್ಲೂ ಹಿಂದಕ್ಕೆ ಪಡೆಯುವುದಿಲ್ಲ.

ಬಟ್ಟೆಯ ದೋಷಗಳನ್ನು ಎಣಿಸುವ ನಾಲ್ಕು ಅಂಕದ ಪದ್ಧತಿಯಲ್ಲಿ ದೋಷದ ಉದ್ದ 3 ಇಂಚಿನವರೆಗಿದ್ದರೆ 1 ಅಂಕ, 9 ಇಂಚು ಮೀರಿದರೆ 4 ಅಂಕ. ನಡುವಿನವಕ್ಕೆ 2 ಅಥವಾ 3. ಎರಡನೆಯ ಲಾಟಿನ ಮೊದಲ ರೋಲ್ 120 ಗಜ ಉದ್ದ, 58 ಇಂಚು ಅಗಲವಿದ್ದು, ಅದರಲ್ಲಿ ಒಟ್ಟು 96 ಅಂಕ ಬಂದವು. 96ನ್ನು 3600ರಿಂದ ಗುಣಿಸಿ, ಅಗಲ ಮತ್ತು ಉದ್ದದ ಗುಣಲಬ್ಧದಿಂದ ಭಾಗಿಸಿದರೆ 100 ಚದರ ಗಜಕ್ಕೆ ಸುಮಾರು 49.7 ಅಂಕ, ನಮ್ಮ ಖರೀದಿ ಆದೇಶದ ಮಿತಿ 40. ಮಾದರಿ ರೋಲೇ ಹೀಗಿದ್ದುದರಿಂದ ಆ ಲಾಟಿನ 9 ರೋಲ್‌ಗಳನ್ನೂ ಯಂತ್ರದ ಮೇಲೆ ಓಡಿಸಿದೆವು, 7 ಅನುತ್ತೀರ್ಣವಾದವು.

ಅದಕ್ಕಿಂತ ದೊಡ್ಡ ತೊಂದರೆ ಶೇಡಿನದು. ಪ್ರತಿ ರೋಲಿನ ಎಡ ಅಂಚು, ನಡು, ಬಲ ಅಂಚುಗಳಿಂದ ತುಂಡು ತೆಗೆದು ಒಟ್ಟಿಗೆ ಹೊಲಿದು ಹಗಲಿನ ಬೆಳಕನ್ನು ಹೋಲುವ ಡಿ65 ದೀಪದಡಿ ಇಟ್ಟಾಗ, ಅಂಕದಲ್ಲಿ ಪಾರಾದ ಎರಡು ರೋಲ್ ಸೇರಿ ಎಲ್ಲದರಲ್ಲೂ ನಡುಭಾಗ ಕಡುವಾಗಿ, ಅಂಚುಗಳು ತೆಳುವಾಗಿ ಕಂಡವು.

ಫೋಟೋಗಳನ್ನು ತೆಗೆಯುವಾಗ ಮೊದಲು ಲಾಟ್ ಮತ್ತು ರೋಲ್ ಸಂಖ್ಯೆಯ ಲೇಬಲ್, ನಂತರ ಯಂತ್ರದ ಮೇಲಿನ ಬಟ್ಟೆ, ಕೊನೆಗೆ ಬಾಣದ ಸ್ಟಿಕ್ಕರ್ ಮತ್ತು ಅಳತೆಪಟ್ಟಿ ಇಟ್ಟ ದೋಷ ಎಂಬ ಕ್ರಮವನ್ನು ಪಾಲಿಸುತ್ತೇನೆ. ಲೇಬಲ್ ಇಲ್ಲದ ದೋಷದ ಚಿತ್ರಕ್ಕೆ ‘ಇದು ನಮ್ಮ ಬಟ್ಟೆಯೇ ಅಲ್ಲ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಶೇಡಿನ ವಿಷಯದಲ್ಲಿ ಮಾತ್ರ ಫೋಟೋವನ್ನು ನಂಬುವಂತಿಲ್ಲ, ಏಕೆಂದರೆ ಮೊಬೈಲ್ ಕ್ಯಾಮೆರಾ ಬಣ್ಣವನ್ನು ತಾನೇ ತಿದ್ದಿಬಿಡುತ್ತದೆ. ಆದ್ದರಿಂದ ಹೊಲಿದ ತುಂಡುಗಳನ್ನೇ ಪೂರೈಕೆದಾರರಿಗೆ ಕೊರಿಯರ್ ಮಾಡಿ, ಅಂಥದೇ ಒಂದು ಜೊತೆಯನ್ನು ಸಹಿ ಹಾಕಿ ಇಟ್ಟುಕೊಂಡೆ.

ಪೂರೈಕೆದಾರರು ಸಣ್ಣ ಉದ್ದಿಮೆಯಾಗಿ ನೋಂದಾಯಿಸಿದವರು. 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯ ಪ್ರಕಾರ ಸರಕು ಕೈಸೇರಿದ 15 ದಿನಗಳೊಳಗೆ ಲಿಖಿತ ಆಕ್ಷೇಪಣೆ ಹೋಗದಿದ್ದರೆ, ಸರಕು ತಲುಪಿದ ದಿನವೇ ಸ್ವೀಕರಿಸಿದ ದಿನವೆಂದು ಪರಿಗಣಿತವಾಗಿ ಪಾವತಿಯ ಗಡುವು ಅಲ್ಲಿಂದಲೇ ಓಡತೊಡಗುತ್ತದೆ. ಹಾಗಾಗಿ ಫೋನಿನ ಮಾತುಕತೆಗೆ ಕಾಯದೆ ಪತ್ರ ಕಳಿಸಿದೆ. ಆದೇಶದಲ್ಲಿ ಲಾಟ್‌ವಾರು ಸ್ವೀಕಾರಕ್ಕೆ ಅವಕಾಶವಿದ್ದುದರಿಂದ ಮೊದಲ ಲಾಟನ್ನು ಒಪ್ಪಿ, ಎರಡನೆಯದನ್ನು ಪೂರ್ತಿ ತಿರಸ್ಕರಿಸಿ, ಹೀಗೆ ಬರೆದೆ: “9 ರೋಲ್‌ಗಳನ್ನು ತಮ್ಮ ಖರ್ಚಿನಲ್ಲಿ ಹಿಂಪಡೆದು, ಒಂದೇ ಡೈಯಿಂಗ್ ಲಾಟಿನ ಬದಲಿ ಬಟ್ಟೆಯನ್ನು ನಮೂದಿಸಿದ ದಿನಾಂಕದೊಳಗೆ ಕಳುಹಿಸತಕ್ಕದ್ದು, ರವಾನೆಗೆ ಮುನ್ನ ಪ್ರತಿ ರೋಲಿನ ಶೇಡ್ ತುಂಡಿಗೆ ನಮ್ಮ ಒಪ್ಪಿಗೆ ಪಡೆಯತಕ್ಕದ್ದು, ಆಗದಿದ್ದಲ್ಲಿ ಪೂರ್ಣ ಮೊತ್ತಕ್ಕೆ ಕ್ರೆಡಿಟ್ ನೋಟ್ ನೀಡತಕ್ಕದ್ದು.”

ಅವರು ಮೊದಲು ದರ ಇಳಿಸುವ ಮಾತೆತ್ತಿದರು. ಎಳೆ ತಪ್ಪಿದಂಥ ಬಿಡಿ ದೋಷವಾಗಿದ್ದರೆ ಅದನ್ನು ಬಿಟ್ಟು ಕತ್ತರಿಸಿ, ವ್ಯರ್ಥವಾದ ಬಟ್ಟೆಯ ಬೆಲೆ ಕಳೆಯಬಹುದಿತ್ತು. ಆದರೆ ನಡುವಿನಿಂದ ಕತ್ತರಿಸಿದ ಮುಂಭಾಗಕ್ಕೆ ಅಂಚಿನಿಂದ ಬಂದ ತೋಳು ಕೂಡಿದರೆ ಒಂದೇ ಶರ್ಟಿನಲ್ಲಿ ಎರಡು ನೀಲಿ ಕಾಣುತ್ತದೆ. ಎಷ್ಟೇ ರಿಯಾಯಿತಿ ಕೊಟ್ಟರೂ ಅದು ಸರಿಹೋಗದೆಂದು ತಿಳಿಸಿ, ಬದಲಿ ಬಟ್ಟೆಯ ಬೇಡಿಕೆಯನ್ನೇ ಉಳಿಸಿಕೊಂಡೆ.