ಕೆಳತುಟಿ ಮರಗಟ್ಟಿದರೆ ನಾನು ಎಲ್ಲೆಲ್ಲಿ ಮುಟ್ಟಿ ನೋಡುತ್ತೇನೆ

ಮುಖದ ಸ್ಪರ್ಶ ಪರೀಕ್ಷೆ ಅಂದರೆ ವಾರ್ಡಿನಲ್ಲಿ ಸಾಮಾನ್ಯವಾಗಿ ನಡೆಯೋದು ಇಷ್ಟೇ. ಹಣೆ ಮುಟ್ಟೋದು, ಕೆನ್ನೆ ಮುಟ್ಟೋದು, ಗದ್ದ ಮುಟ್ಟೋದು, ಎರಡೂ ಕಡೆ ಒಂದೇ ಥರ ಇದೆಯಾ ಅಂತ ಕೇಳೋದು, ಕೇಸ್ ಶೀಟಿನಲ್ಲಿ ‘ನಾರ್ಮಲ್’ ಅಂತ ಬರೆಯೋದು. ಏನೂ ತೊಂದರೆ ಹೇಳದವರಿಗೆ ಅಷ್ಟು ಸಾಕು. ಆದರೆ ರೋಗಿಯೇ ಬೆರಳಿಟ್ಟು “ಇಲ್ಲಿ ಜೋಮು” ಅಂತ ತೋರಿಸಿದಾಗ ಮೂರು ಕಡೆ ಮುಟ್ಟಿದರೆ ಸಾಲದು. ಆಗ ಮುಖಕ್ಕೆ ಸ್ಪರ್ಶ ಕೊಡುವ ಟ್ರೈಜೆಮಿನಲ್ ನರದ ಮೂರು ಕವಲುಗಳಲ್ಲಿ ಯಾವುದು ಅನ್ನೋದರ ಜೊತೆಗೆ, ಆ ಕವಲು ದಾರಿಯಲ್ಲಿ ಎಲ್ಲಿ ಸಿಕ್ಕಿಕೊಂಡಿದೆ ಅನ್ನೋದನ್ನೂ ಹುಡುಕಬೇಕು.

ಐವತ್ತು ದಾಟಿದ ಒಬ್ಬ ಹೆಂಗಸು ನಮ್ಮ ಮೆಡಿಸಿನ್ ಓಪಿಡಿಗೆ ಬಂದಿದ್ದರು. “ಬಲಗಡೆ ಕೆಳತುಟಿ ದಪ್ಪ ಆದಂಗೆ ಅನಿಸ್ತದೆ ಡಾಕ್ಟ್ರೇ. ಕಾಫಿ ಕುಡೀವಾಗ ಸೋರಿದ್ರೂ ಗೊತ್ತಾಗಲ್ಲ” ಅಂದರು. ನೋವಿಲ್ಲ, ಊತವಿಲ್ಲ. ಹಲ್ಲಿನ ಡಾಕ್ಟರ್ ನೋಡಿ ಹಲ್ಲು ಸರಿಯಾಗಿದೆ ಅಂದಿದ್ದರು. ವಿಟಮಿನ್ ಮಾತ್ರೆಯೂ ನಡೀತಿತ್ತು. ಹಿಂದೆ ಆಪರೇಷನ್ ಏನಾದರೂ ಆಗಿದೆಯಾ ಅಮ್ಮ ಅಂತ ಕೇಳಿದ ಮೇಲೆ, ಕೆಲವು ವರ್ಷಗಳ ಹಿಂದೆ ಸ್ತನದ ಕ್ಯಾನ್ಸರಿಗೆ ಆಪರೇಷನ್ ಆಗಿದ್ದನ್ನು ಹೇಳಿದರು. ತುಟಿಗೂ ಅದಕ್ಕೂ ಏನು ಸಂಬಂಧ ಅಂತ ಅವರು ಮೊದಲು ಹೇಳಿರಲಿಲ್ಲ.

ಅವರನ್ನು ಪರೀಕ್ಷಿಸಿದ್ದನ್ನು ಹೇಳುವ ಮೊದಲು ನಕ್ಷೆ ಸ್ವಲ್ಪ ನೆನಪಿರಲಿ. ಮೊದಲ ಕವಲಿಗೆ ಹಣೆ, ಮೇಲಿನ ರೆಪ್ಪೆ, ಕಣ್ಣಿನ ಕಾರ್ನಿಯಾ ಸೇರುತ್ತವೆ. ಎರಡನೆಯದಕ್ಕೆ ಕೆಳರೆಪ್ಪೆ, ಕೆನ್ನೆಯ ಮುಂಭಾಗ, ಮೂಗಿನ ಪಕ್ಕ, ಮೇಲ್ದುಟಿ. ಮೂರನೆಯದಕ್ಕೆ ಕೆಳತುಟಿ, ಗದ್ದ, ದವಡೆಯ ಮೇಲಿನ ಚರ್ಮ, ಕಿವಿಯ ಮುಂದಿನಿಂದ ಕಣತಲೆಗೆ ಹೋಗುವ ಪಟ್ಟಿ. ಇಷ್ಟು ಎಲ್ಲರಿಗೂ ಗೊತ್ತು. ಎಡವಿಸೋದು ಅಂಚಿನ ಮೂರು ಜಾಗ. ಮೂಗಿನ ತುದಿ ಎರಡನೆಯ ಕವಲಿನದಲ್ಲ, ಮೊದಲನೆಯದು. ಅದಕ್ಕೇ ಹಣೆಯಲ್ಲಿ ಸರ್ಪಸುತ್ತು ಎದ್ದವರ ಮೂಗಿನ ತುದಿಯಲ್ಲೂ ಗುಳ್ಳೆ ಕಂಡರೆ ಅವತ್ತೇ ಕಣ್ಣಿನ ಡಾಕ್ಟರ ಹತ್ತಿರ ಕಳಿಸುತ್ತೇವೆ. ಎರಡನೆಯ ಜಾಗ ನೆತ್ತಿ, ಮೊದಲ ಕವಲು ಕೂದಲು ಶುರುವಾಗುವಲ್ಲಿ ನಿಲ್ಲೋದಿಲ್ಲ, ಅಲ್ಲಿಯ ತನಕ ಹೋಗುತ್ತದೆ. ಮೂರನೆಯ ಜಾಗ ದವಡೆಯ ಮೂಲೆ, ಕಿವಿಯ ಕೆಳಗೆ ಎಲುಬು ತಿರುಗುವ ಜಾಗ. ಅದು ಮುಖದ ಮೇಲೇ ಇದ್ದರೂ ಈ ನರಕ್ಕೆ ಸೇರಿದ್ದಲ್ಲ. ಅಲ್ಲಿಗೆ ಸ್ಪರ್ಶ ಕೊಡೋದು ಕತ್ತಿನ ಎರಡನೇ ಮತ್ತು ಮೂರನೇ ನರಗಳು.

ಸಾಮಾನು ಜಾಸ್ತಿ ಬೇಕಿಲ್ಲ. ಹತ್ತಿ, ಒಂದು ಹೊಸ ಸೇಫ್ಟಿ ಪಿನ್, ಟ್ಯೂನಿಂಗ್ ಫೋರ್ಕ್, ಚರ್ಮದ ಮೇಲೆ ಬರೆಯುವ ಪೆನ್ನು, ಟಾರ್ಚ್. ಇಂಜೆಕ್ಷನ್ ಸೂಜಿ ಮಾತ್ರ ಬೇಡ. ಅದು ಕತ್ತರಿಸೋಕೆ ಅಂತಲೇ ಮಾಡಿದ್ದು, ಮುಖದಲ್ಲಿ ರಕ್ತ ಬರುತ್ತದೆ. ಒಬ್ಬರಿಗೆ ಬಳಸಿದ ಪಿನ್ ಅಲ್ಲೇ ಶಾರ್ಪ್ಸ್ ಡಬ್ಬಿಗೆ ಹೋಗಬೇಕು. ಟ್ಯೂನಿಂಗ್ ಫೋರ್ಕ್ ಇಲ್ಲಿ ತಣ್ಣನೆಯ ಲೋಹವಾಗಿ ಕೆಲಸಕ್ಕೆ ಬರುತ್ತದೆ. ಬಿಸಿಲಲ್ಲಿ ಬೆಚ್ಚಗಾಗಿದ್ದರೆ ನಲ್ಲಿ ನೀರಲ್ಲಿ ಹಿಡಿದು ಒರೆಸಿಕೊಳ್ಳಿ.

ಮೊದಲು ಸರಿಯಿರುವ ಕಡೆ ಪಿನ್ ಮುಟ್ಟಿಸಿ “ಇದು ಚೂಪು, ಇಷ್ಟು ಚೂಪು ಅಂತ ನೆನಪಿಟ್ಟುಕೊಳ್ಳಿ” ಅನ್ನುತ್ತೇನೆ. ಆಮೇಲೆ ಕಣ್ಣು ಮುಚ್ಚಿಸುತ್ತೇನೆ. ಜೋಮಿನ ನಡುಮಧ್ಯದಲ್ಲಿ ಶುರು ಮಾಡಿ ಹೊರಗೆ ಬರುತ್ತೇನೆ. “ಚೂಪು ಅನಿಸಿದ ತಕ್ಷಣ ಹೇಳಿ” ಅಂತ ಹೇಳಿರುತ್ತೇನೆ. ಸರಿಯಿರುವ ಕಡೆಯಿಂದ ಒಳಗೆ ಹೋದರೆ “ಕಡಿಮೆ ಆಯ್ತು” ಅನ್ನೋದನ್ನು ರೋಗಿ ತೀರ್ಮಾನಿಸಬೇಕು, ಅದು ತಡವಾಗುತ್ತದೆ. ಮಂದವಾದ ಕಡೆಯಿಂದ ಹೊರಗೆ ಬಂದರೆ ಚುಚ್ಚಿದ್ದು ಚುರುಕ್ಕನೆ ಗೊತ್ತಾಗುತ್ತದೆ, ಗಡಿ ಸ್ಪಷ್ಟವಾಗಿ ಸಿಗುತ್ತದೆ. ಸಿಕ್ಕ ಕಡೆಯೆಲ್ಲ ಪೆನ್ನಿನಿಂದ ಒಂದು ಚುಕ್ಕೆ. ಹೀಗೆ ನಾಲ್ಕೂ ಕಡೆ ಬಂದು ಚುಕ್ಕೆಗಳನ್ನು ಸೇರಿಸಿದರೆ ಜೋಮಿನ ಆಕಾರ ಕಣ್ಣೆದುರೇ ಇರುತ್ತದೆ. ರೋಗಿ ಒಪ್ಪಿದರೆ ಒಂದು ಫೋಟೋ ತೆಗೆದಿಡುತ್ತೇನೆ. ಗಡ್ಡವಿರುವ ಗಂಡಸರಲ್ಲಿ ಹತ್ತಿ ಕೂದಲಿಗೆ ತಗುಲಿದರೂ ಗೊತ್ತಾಗಿಬಿಡುತ್ತದೆ, ಹಾಗಾಗಿ ಅಲ್ಲಿ ಪಿನ್ನನ್ನೇ ಹೆಚ್ಚು ನಂಬುತ್ತೇನೆ.

ಈ ಅಮ್ಮನ ಮುಖದಲ್ಲಿ ಮೂಡಿದ್ದು ಚಿಕ್ಕ ಆಕಾರ. ಬಲಗಡೆಯ ಕೆಳತುಟಿ ಮತ್ತು ಗದ್ದದ ಬಲಭಾಗ, ಅಷ್ಟೇ. ಎಡಕ್ಕೆ ಬರುವಾಗ ಮುಖದ ನಡುಗೆರೆಗೆ ಸ್ವಲ್ಪ ಮೊದಲೇ ಚೂಪು ಗೊತ್ತಾಯಿತು. ಎರಡೂ ಕಡೆಯ ನರಗಳು ನಡುವೆ ಸ್ವಲ್ಪ ಒಂದರ ಮೇಲೊಂದು ಹಾಯುವುದರಿಂದ ನಿಜವಾದ ಜೋಮು ಹೀಗೇ ನಿಲ್ಲುತ್ತದೆ. ಕೆಳಗೆ ದವಡೆಯ ಅಂಚಿನ ಹತ್ತಿರ ಮುಗಿಯಿತು. ಕೆನ್ನೆ, ಕಿವಿಯ ಮುಂದೆ, ಕಣತಲೆ, ಎಲ್ಲವೂ ಸರಿ. ಇದು ಮೆಂಟಲ್ ನರದ ಜಾಗ. ಕೆಳಗಿನ ಕಿರುದವಡೆ ಹಲ್ಲುಗಳ ಬೇರಿನ ಕೆಳಗೆ ಎಲುಬಿನಲ್ಲಿರುವ ಒಂದು ಚಿಕ್ಕ ತೂತಿನಿಂದ ಅದು ಹೊರಗೆ ಬರುತ್ತದೆ.

ಇಲ್ಲಿಂದ ಮುಂದಿನ ಕೆಲಸ ನಲ್ಲಿ ರಿಪೇರಿಯವನದ್ದು. ಕೊನೆಯ ನಲ್ಲಿಯಲ್ಲಿ ನೀರಿಲ್ಲ ಅಂದರೆ ಅದರ ಹಿಂದಿನ ನಲ್ಲಿಗಳನ್ನು ಒಂದೊಂದಾಗಿ ತಿರುಗಿಸಿ ನೋಡಬೇಕು. ಮೆಂಟಲ್ ನರದ ಹಿಂದಿರುವುದು ದವಡೆ ಎಲುಬಿನ ಕಾಲುವೆಯೊಳಗೆ ಸಾಗುವ ಇನ್ಫೀರಿಯರ್ ಆಲ್ವಿಯೋಲಾರ್ ನರ. ಅದು ದಾರಿಯಲ್ಲಿ ಕೆಳಹಲ್ಲುಗಳಿಗೆ ಕವಲು ಕೊಡುತ್ತದೆ. ಹಾಗಾಗಿ ಬಾಯಿ ತೆರೆಸಿ, ಮೌತ್ ಮಿರರಿನ ಹಿಡಿಯಿಂದ ಹಲ್ಲನ್ನು ಮೆಲ್ಲಗೆ ತಟ್ಟಿದೆ. ಎಡಗಡೆ ಸರಿಯಾಗಿ ಗೊತ್ತಾಯಿತು. ಬಲಗಡೆಯ ಕೋರೆಹಲ್ಲು ಮತ್ತು ಅದರ ಹಿಂದಿನವನ್ನು ತಟ್ಟಿದಾಗ “ನನ್ನ ಹಲ್ಲೇ ಅಲ್ಲ ಅನ್ನೋ ಹಂಗಿದೆ” ಅಂದರು. ಮುಂದಿನ ಬಾಚಿಹಲ್ಲುಗಳನ್ನು ಇದಕ್ಕೆ ನಂಬಬಾರದು, ಅವಕ್ಕೆ ಆಚೆ ಕಡೆಯ ನರದ ಎಳೆಗಳೂ ಬರುತ್ತವೆ. ಅಂದರೆ ತೊಂದರೆ ತುಟಿಯ ಹತ್ತಿರದ್ದಲ್ಲ, ಎಲುಬಿನ ಒಳಗಿನದ್ದು ಅಥವಾ ಇನ್ನೂ ಹಿಂದಿನದ್ದು.

ಇನ್ನೂ ಹಿಂದಿನದ್ದಾ? ಅದಕ್ಕೆ ನಾಲಿಗೆ ಉತ್ತರ ಕೊಡುತ್ತದೆ. ನಾಲಿಗೆಯ ಮುಂದಿನ ಮೂರನೇ ಎರಡು ಭಾಗದ ಸ್ಪರ್ಶ ಲಿಂಗ್ವಲ್ ನರದ್ದು. ಅದೂ ಮೂರನೇ ಕವಲಿನದೇ, ಆದರೆ ದವಡೆಯ ಕಾಲುವೆಗೆ ಹೋಗುವ ಮೊದಲೇ ಬೇರೆಯಾಗುತ್ತದೆ. ನಾಲಿಗೆಯ ಎರಡೂ ಅಂಚಿಗೆ ಹತ್ತಿ ಸುತ್ತಿದ ಕಡ್ಡಿ ಮುಟ್ಟಿಸಿದೆ, ಆಮೇಲೆ ಪಿನ್. ಎರಡೂ ಸಮ. ಹಿಂದಿನ ದವಡೆ ಹಲ್ಲುಗಳ ಹೊರಗಡೆಯ ಒಸಡೂ ಸರಿಯಿತ್ತು, ಅದು ಬಕ್ಕಲ್ ನರದ ಜಾಗ. ನಾಲಿಗೆಯೂ ಮರಗಟ್ಟಿದ್ದರೆ ನಾನು ದವಡೆ ಬಿಟ್ಟು ಅದರ ಒಳಬದಿಯ ಮೇಲ್ಭಾಗದಲ್ಲಿ ಹುಡುಕುತ್ತಿದ್ದೆ.

ಅದಕ್ಕೂ ಹಿಂದೆ ಮೂರನೇ ಕವಲು ತಲೆಬುರುಡೆಯಿಂದ ಹೊರಗೆ ಬರುವ ತೂತು, ಫೋರಾಮೆನ್ ಓವೇಲ್. ಅಲ್ಲಿ ಪೆಟ್ಟಾದರೆ ಅಗಿಯುವ ಸ್ನಾಯುಗಳೂ ಸೋಲುತ್ತವೆ, ಯಾಕಂದರೆ ಅವುಗಳ ನರವೂ ಅದೇ ತೂತಿನಿಂದ ಬರುತ್ತದೆ. ಹಲ್ಲು ಕಚ್ಚಿಸಿ ಎರಡು ಕೈಗಳಿಂದ ದವಡೆ ಮತ್ತು ಕಣತಲೆಯ ಸ್ನಾಯು ಗಟ್ಟಿಯಾಗುವುದನ್ನು ಮುಟ್ಟಿ ನೋಡಿದೆ. ಬಾಯಿ ತೆರೆಸಿ, ಮೇಲಿನ ಮತ್ತು ಕೆಳಗಿನ ಬಾಚಿಹಲ್ಲುಗಳ ನಡುಗೆರೆ ಒಂದೇ ಸಾಲಿನಲ್ಲಿ ಇದೆಯಾ ಅಂತ ನೋಡಿದೆ. ಒಂದು ಕಡೆ ಸೋತಿದ್ದರೆ ದವಡೆ ಸೋತ ಕಡೆಗೇ ವಾಲುತ್ತದೆ. ತುಟಿಯನ್ನು ನೋಡಿದರೆ ಮೋಸ ಹೋಗುತ್ತೀರಿ, ಬೆಲ್ಸ್ ಪಾಲ್ಸಿ ಇದ್ದವರಲ್ಲಿ ಬಾಯಿ ಸೊಟ್ಟಗಿದ್ದರೂ ದವಡೆ ನೇರವಾಗೇ ತೆರೆಯುತ್ತದೆ. ಇವರದ್ದು ನೇರವಾಗಿತ್ತು.

ಕಾರ್ನಿಯಾ ಪರೀಕ್ಷೆಯನ್ನು ಮುಖದ ಜೋಮು ಇರುವ ಎಲ್ಲರಿಗೂ ಮಾಡುತ್ತೇನೆ, ಗದ್ದದ ಜೋಮಿದ್ದರೂ. ಮೂರೂ ಕವಲು ಸೇರುವ ಗ್ಯಾಂಗ್ಲಿಯನ್ ಅಥವಾ ಮೆದುಳಿನ ಬುಡದ ತೊಂದರೆಯಲ್ಲಿ ಎಷ್ಟೋ ಸಲ ಇದೇ ಮೊದಲು ಕಡಿಮೆಯಾಗಿರುತ್ತದೆ. ಹತ್ತಿಯ ಎಳೆಯೊಂದನ್ನು ತುದಿ ಮೊನೆಯಾಗುವ ಹಾಗೆ ಹೊಸೆದುಕೊಳ್ಳಿ. ಆಚೆ ಕಡೆ ಮೇಲಕ್ಕೆ ನೋಡೋಕೆ ಹೇಳಿ, ಪಕ್ಕದಿಂದ ತನ್ನಿ. ಎದುರಿನಿಂದ ತಂದರೆ ಎಳೆ ಕಂಡೇ ಕಣ್ಣು ಮಿಟುಕಿಸುತ್ತಾರೆ. ಬಿಳಿಗುಡ್ಡೆಗೆ ಮುಟ್ಟಿಸಿದರೆ ಲೆಕ್ಕಕ್ಕಿಲ್ಲ, ಕರಿಗುಡ್ಡೆಯ ಅಂಚಿಗೇ ತಗುಲಬೇಕು. ಮುಟ್ಟಿದಾಗ ಎರಡೂ ಕಣ್ಣು ಮುಚ್ಚಬೇಕು. ಬಲಗಣ್ಣು ಮುಟ್ಟಿದಾಗ ಎರಡೂ ಮುಚ್ಚದಿದ್ದರೆ ಬಲಗಡೆಯ ಟ್ರೈಜೆಮಿನಲ್ ಸೋತಿದೆ. ಯಾವ ಕಡೆ ಮುಟ್ಟಿದರೂ ಬಲಗಣ್ಣು ಮಾತ್ರ ಮುಚ್ಚದಿದ್ದರೆ ಸೋತಿರೋದು ಬಲಗಡೆಯ ಮುಖದ ಸ್ನಾಯುಗಳ ನರ, ಅಂದರೆ ಫೇಶಿಯಲ್ ನರ. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರಲ್ಲಿ ಈ ಪ್ರತಿಕ್ರಿಯೆ ಮೊದಲೇ ಮಂದ ಇರಬಹುದು, ಕೇಳಿಕೊಳ್ಳಿ.

ದಾರಿ ತಪ್ಪಿಸುವ ಎರಡು ಆಕಾರಗಳಿವೆ. ಜೋಮು ಸರಿಯಾಗಿ ಕೂದಲಿನ ಅಂಚಿಗೆ, ಮುಖದ ನಡುಗೆರೆಗೆ ನಿಂತು ದವಡೆಯ ಮೂಲೆಯನ್ನೂ ಸೇರಿಸಿಕೊಂಡಿದ್ದರೆ ಅದು ನರದ ನಕ್ಷೆಗೆ ಹೊಂದೋದಿಲ್ಲ. ಹಾಗಂತ “ಸುಮ್ನೆ ಹೇಳ್ತಿದ್ದಾರೆ” ಅಂತ ಬರೆದುಬಿಡಬೇಡಿ. ಬೇರೆ ದಿನ ಮತ್ತೊಮ್ಮೆ ಗಡಿ ಹಾಕಿ, ಅದೇ ಜಾಗಕ್ಕೆ ಬರುತ್ತದಾ ನೋಡಿ. ಇನ್ನೊಂದು, ನಮ್ಮ ಕಡೆ ಮರೆಯಲೇಬಾರದ್ದು ಕುಷ್ಠ. ಅದರಲ್ಲಿ ಜೋಮು ಕವಲಿನ ಗಡಿಯನ್ನು ಕೇಳೋದಿಲ್ಲ, ಮಚ್ಚೆಯ ಗಡಿಯನ್ನು ಹಿಡಿಯುತ್ತದೆ. ಪಿನ್ ಹಿಡಿಯುವ ಮೊದಲು ಹಗಲು ಬೆಳಕಿನಲ್ಲಿ ಚರ್ಮದ ಬಣ್ಣ ನೋಡಿ, ಕಿವಿಯ ಹಿಂದಿನಿಂದ ಕತ್ತಿಗಿಳಿಯುವ ನರ ದಪ್ಪವಾಗಿದೆಯಾ ಅಂತ ಬೆರಳಾಡಿಸಿ.

ಈ ಅಮ್ಮನ ಚರ್ಮ ಸ್ವಚ್ಛವಾಗಿತ್ತು. ತುಟಿ ಮತ್ತು ಹಲ್ಲು ಮರಗಟ್ಟಿವೆ, ನಾಲಿಗೆ ಸರಿ, ಅಗಿಯುವ ಸ್ನಾಯು ಸರಿ, ಕಾರ್ನಿಯಾ ಸರಿ. ಹಾಗಾಗಿ ಹುಡುಕಬೇಕಾದ್ದು ಬಲಗಡೆಯ ದವಡೆ ಎಲುಬಿನ ಕಾಲುವೆಯಲ್ಲಿ. ಹಲ್ಲು ಕೀಳಿಸಿಲ್ಲ, ಇಂಪ್ಲಾಂಟ್ ಹಾಕಿಸಿಲ್ಲ, ಕೀವು ಇಲ್ಲ. ಗದ್ದದ ಜೋಮಿಗೆ ಸಾಮಾನ್ಯ ಕಾರಣಗಳು ಇವೇ. ಇವು ಯಾವುವೂ ಇಲ್ಲದೆ ಜೋಮು ಮಾತ್ರ ಬಂದರೆ ಕ್ಯಾನ್ಸರ್ ಎಲುಬಿಗೆ ಹರಡಿದೆಯಾ ಅಂತ ನೋಡಲೇಬೇಕು. ಅದರಲ್ಲಿ ಸ್ತನದ ಕ್ಯಾನ್ಸರ್ ಮತ್ತು ಲಿಂಫೋಮಾ ಮುಂಚೂಣಿಯಲ್ಲಿವೆ.

ಮೊದಲು ಇಡೀ ದವಡೆಯ ಓಪಿಜಿ ಎಕ್ಸ್‌ರೇ ಮಾಡಿಸಿದೆ. ಅದರಲ್ಲಿ ಹೇಳಿಕೊಳ್ಳುವಂಥದ್ದು ಕಾಣಲಿಲ್ಲ. ಎಲುಬು ಸಾಕಷ್ಟು ಕರಗುವ ತನಕ ಎಕ್ಸ್‌ರೇ ಸುಮ್ಮನಿರುತ್ತದೆ, ಹಾಗಾಗಿ ಅಲ್ಲಿಗೆ ನಿಲ್ಲಿಸೋ ಹಾಗಿಲ್ಲ. ಸ್ಕ್ಯಾನ್ ಬರೆಯುವಾಗ ‘ಮುಖದ ಜೋಮು, ಮೆದುಳಿನ ಸ್ಕ್ಯಾನ್’ ಅಂತ ಬರೆದರೂ ಕೆಲಸ ಕೆಡುತ್ತದೆ. ಮಾಮೂಲಿ ಮೆದುಳಿನ ಸ್ಕ್ಯಾನಿನಲ್ಲಿ ಗದ್ದದ ತನಕ ಚಿತ್ರ ಬರೋದೇ ಇಲ್ಲ. ನಾನು ಬರೆದದ್ದು: ‘ಬಲ ಇನ್ಫೀರಿಯರ್ ಆಲ್ವಿಯೋಲಾರ್ ನರದ ಸ್ಪರ್ಶ ನಷ್ಟ, ಲಿಂಗ್ವಲ್ ಸರಿ, ಸ್ತನದ ಕ್ಯಾನ್ಸರ್ ಹಿಂದೆ ಆಗಿದೆ, ತಲೆಬುರುಡೆಯ ಬುಡದಿಂದ ಗದ್ದದವರೆಗೆ ನೋಡಿ, ದವಡೆಯ ಕಾಲುವೆಯನ್ನು ವಿಶೇಷವಾಗಿ.’ ಸಿಟಿಯಲ್ಲಿ ಕೊನೆಯ ದವಡೆ ಹಲ್ಲಿನ ಹಿಂದೆ, ಕಾಲುವೆಯ ಗೋಡೆ ತಿಂದು ಹೋಗಿದ್ದು ಕಾಣಿಸಿತು. ಅಲ್ಲಿಂದ ತೆಗೆದ ತುಣುಕಿನಲ್ಲಿ ಹಳೆಯ ಸ್ತನದ ಕ್ಯಾನ್ಸರೇ ಇತ್ತು.

ಅವರನ್ನು ಆಂಕಾಲಜಿಗೆ ಕಳಿಸಿದೆವು. ದವಡೆಗೆ ರೇಡಿಯೇಷನ್ ಕೊಟ್ಟು, ಔಷಧಿ ಶುರು ಮಾಡಿದರು. ಆಮೇಲೆ ತೋರಿಸಲು ಬಂದಾಗ ಹಳೆಯ ಫೋಟೋ ಪಕ್ಕದಲ್ಲಿಟ್ಟುಕೊಂಡು ಮತ್ತೆ ಗಡಿ ಹಾಕಿದೆ. ಗದ್ದದ ಕಡೆಯಿಂದ ಗಡಿ ಸ್ವಲ್ಪ ಒಳಗೆ ಸರಿದಿತ್ತು, ತುಟಿ ಹಾಗೇ ಇತ್ತು. ಬಿಸಿ ಕಾಫಿಯನ್ನು ಎಡಗಡೆಯಿಂದಲೇ ಕುಡಿಯಿರಿ, ಊಟ ಆದ ಮೇಲೆ ಕನ್ನಡಿಯಲ್ಲಿ ತುಟಿ ಕಚ್ಚಿಕೊಂಡಿದ್ದೀರಾ ನೋಡಿಕೊಳ್ಳಿ, ಆ ಕಡೆ ಹಲ್ಲು ಕೀಳಿಸುವ ಮಾತು ಬಂದರೆ ರೇಡಿಯೇಷನ್ ಆಗಿದೆ ಅಂತ ಮೊದಲೇ ಹೇಳಿ ಅಂತ ಬರೆದುಕೊಟ್ಟೆ.