ಫಾರ್ಮ್ ಜಾಹೀರಾತಿನ ಲೀಡ್ ಅಗ್ಗ ಸರಿ, ಗಿರಾಕಿ ಎಲ್ಲಿ?

ಫೇಸ್‌ಬುಕ್‌, ಇನ್‌ಸ್ಟಾಗ್ರಾಮ್‌ನ ಇನ್‌ಸ್ಟಂಟ್ ಫಾರ್ಮ್‌ನಲ್ಲಿ ಹೆಸರು, ನಂಬರ್ ಪ್ರೊಫೈಲ್‌ನಿಂದ ತಾನಾಗೇ ತುಂಬಿಕೊಳ್ಳುತ್ತವೆ. ಜನ ಸುಮ್ನೆ ಎರಡು ಸಲ ಒತ್ತಿ ಮುಂದೆ ಹೋಗುತ್ತಾರೆ, ಎಷ್ಟೋ ಸಲ ನಂಬರೂ ಹಳೆಯದು, ನೀವು ಮರುದಿನ ಫೋನ್ ಮಾಡಿದರೆ "ಯಾವ ಫಾರ್ಮ್?" ಅಂತಾರೆ. ಮೇಲಾಗಿ, ಕಡಿಮೆ ಖರ್ಚಿನಲ್ಲಿ ಜಾಸ್ತಿ ಲೀಡ್, ಅಂದರೆ ಫಾರ್ಮ್‌ನಿಂದ ಸಿಗುವ ಹೆಸರು-ನಂಬರ್, ಕೇಳಿದರೆ ಸಿಸ್ಟಮ್ ಹುಡುಕುವುದು ಫಾರ್ಮ್ ತುಂಬುವವರನ್ನು, ಕೊಳ್ಳುವವರನ್ನಲ್ಲ.

ಅದಕ್ಕೆ ಮೊದಲ ಕರೆಯಲ್ಲೇ ಅಂಕ ಹಾಕಿ. ಫೋನ್ ಎತ್ತಿದರೆ 1, ಫಾರ್ಮ್ ತುಂಬಿದ್ದು ನೆನಪಿದ್ದರೆ 1, ಒಂದು ತಿಂಗಳೊಳಗೆ ಬೇಕು ಅಂದರೆ 2, ಬಜೆಟ್ ಹೊಂದಿದರೆ 2. 4 ದಾಟಿದ್ದು ಮಾತ್ರ ನಿಜವಾದ ಲೀಡ್. (ಈ ಅಂಕ ವೇದವಾಕ್ಯ ಅಲ್ಲ, ನಿಮ್ಮಲ್ಲಿ ಯಾರು ಕೊಂಡರು ಅಂತ ನೋಡಿ ಬದಲಿಸಿಕೊಳ್ಳಿ.)

ಒಂದೇ ಖರ್ಚಿಗೆ ಮೊದಲ ಜಾಹೀರಾತು 100 ಲೀಡ್ ತಂತು, 5 ಮಾತ್ರ ದಾಟಿದವು ಅಂದುಕೊಳ್ಳಿ. ಎರಡನೆಯದು 30 ತಂತು, 10 ದಾಟಿದವು. ಈಗ ನಿಜವಾದ ಲೀಡ್ ಲೆಕ್ಕದಲ್ಲಿ ದುಬಾರಿ ಯಾವುದು? ಮೊದಲನೆಯದೇ ಅಲ್ವಾ, ಅದೂ ಎರಡು ಪಟ್ಟು, ಜೊತೆಗೆ 95 ದಂಡದ ಕರೆ ಬೇರೆ.

ಫಾರ್ಮ್ ಪ್ರಕಾರದಲ್ಲಿ 'ಹೈಯರ್ ಇಂಟೆಂಟ್' ಆರಿಸಿದರೆ ಕಳಿಸುವ ಮುಂಚೆ ವಿವರ ಪರಿಶೀಲಿಸುವ ಹೆಜ್ಜೆ ಬರುತ್ತದೆ. ಕೈಯಾರೆ ಟೈಪ್ ಮಾಡಬೇಕಾದ ಒಂದು ಪ್ರಶ್ನೆಯನ್ನೂ ಸೇರಿಸಿ. ಲೀಡ್ ಬೆಲೆ ಏರಿದರೆ ಗಾಬರಿಯಾಗಿ ಜಾಹೀರಾತು ನಿಲ್ಲಿಸಬೇಡಿ, 4 ದಾಟಿದ ಲೀಡ್‌ಗೆ ಎಷ್ಟು ಬಿತ್ತು ಅಂತ ಲೆಕ್ಕ ಹಾಕಿ.