ಡೌಟ್ ಫೋಟೊಗಳಿಂದ ಪುನರಾವರ್ತನೆಯ ಸೆಟ್‌ಗಳು: ಭೌತಶಾಸ್ತ್ರ ತರಗತಿಯಲ್ಲಿ ನನ್ನ ಕ್ರಮ

ದ್ವಿತೀಯ ಪಿಯು ವಿದ್ಯಾರ್ಥಿಗಳನ್ನು ಸಿಇಟಿ ಮತ್ತು ನೀಟ್‌ಗೆ ತಯಾರು ಮಾಡುವ ನಾನು, ಅವರು ಕಳುಹಿಸುವ ಡೌಟ್ ಫೋಟೊಗಳನ್ನು ಉತ್ತರ ಕೊಟ್ಟ ಮೇಲೆ ಅಳಿಸುವುದಿಲ್ಲ. ವಾರಕ್ಕೊಮ್ಮೆ ಕುಳಿತು ಅವನ್ನು ವಿಷಯವಾರು ವಿಂಗಡಿಸಿ, ಪರೀಕ್ಷೆಗೆ ಮುಂಚಿನ ಪುನರಾವರ್ತನೆಗೆ ಸೆಟ್‌ಗಳನ್ನು ಮಾಡುತ್ತೇನೆ. ಮಾಡ್ಯೂಲ್‌ನ ಪ್ರಶ್ನೆಗಳನ್ನು ಯಾರೋ ಮೊದಲೇ ಆರಿಸಿರುತ್ತಾರೆ. ಈ ಫೋಟೊಗಳಲ್ಲಿರುವುದು ನಮ್ಮ ತರಗತಿಯ ಮಕ್ಕಳೇ ಎಡವಿದ ಪ್ರಶ್ನೆಗಳು. ಅವನ್ನು ಅಧ್ಯಾಯದ ಹೆಸರಿನ ಫೋಲ್ಡರ್‌ಗೆ ಹಾಕಿಬಿಟ್ಟರೆ ಆ ಲಾಭ ಕೈತಪ್ಪುತ್ತದೆ ಎಂಬುದು ನನ್ನ ಅಭಿಪ್ರಾಯ.

ಫೋಟೊಗಳನ್ನು ನಾನು ಗೂಗಲ್ ಫಾರ್ಮ್ ಮೂಲಕವೇ ತರಿಸಿಕೊಳ್ಳುತ್ತೇನೆ. ವಾಟ್ಸಾಪ್ ಗುಂಪಿಗೆ ಬಂದ ಫೋಟೊ ಕುಗ್ಗಿ ಬರುವುದರಿಂದ ಘಾತಾಂಕಗಳು, ಚಿತ್ರದಲ್ಲಿನ ಸಣ್ಣ ಅಕ್ಷರಗಳು ಮಸುಕಾಗುತ್ತವೆ. 10⁻⁶ ಎಂಬುದು 10⁻⁸ರಂತೆ ಕಂಡರೆ ಇಡೀ ಲೆಕ್ಕ ಹಾಳು. ಫಾರ್ಮ್‌ನಲ್ಲಿ ಫೈಲ್ ಹಾಕಲು ವಿದ್ಯಾರ್ಥಿ ತನ್ನ ಗೂಗಲ್ ಖಾತೆಯಿಂದ ಲಾಗಿನ್ ಆಗಬೇಕು ಎಂಬ ತೊಡಕೊಂದಿದೆ. ಆದರೆ ಫೋಟೊ ಡ್ರೈವ್‌ನ ಒಂದೇ ಫೋಲ್ಡರ್‌ಗೆ ಬಂದು ಸೇರುತ್ತದೆ, ಅದರ ಲಿಂಕ್ ಶೀಟಿನಲ್ಲಿ ದಾಖಲಾಗುತ್ತದೆ. ಫಾರ್ಮ್‌ನಲ್ಲಿ ನಾನು ಕಡ್ಡಾಯ ಮಾಡಿರುವ ಪ್ರಶ್ನೆ ಒಂದೇ: "ಎಲ್ಲಿಯವರೆಗೆ ಬಂದಿರಿ, ಎಲ್ಲಿ ನಿಂತಿರಿ?" ಇದಕ್ಕೆ ಅವರು ಬರೆಯುವ ಒಂದು ಸಾಲು ಫೋಟೊಗಿಂತ ಹೆಚ್ಚು ಹೇಳುತ್ತದೆ. ಅಧ್ಯಾಯ ಯಾವುದೆಂದು ನಾನು ಕೇಳುವುದಿಲ್ಲ. ಅದು ಗೊತ್ತಿದ್ದವರು ಬಹಳಷ್ಟು ಸಲ ಲೆಕ್ಕವನ್ನೂ ಬಿಡಿಸಿರುತ್ತಾರೆ.

ವಿಂಗಡಣೆಯ ಹೊತ್ತಿಗೆ ನಾನು ನೋಡುವುದು ಪ್ರಶ್ನೆಯಲ್ಲಿರುವ ಪದಗಳನ್ನಲ್ಲ. ಯಾವ ಹೆಜ್ಜೆ ದಾಟಿದರೆ ಲೆಕ್ಕ ಬಿಡುತ್ತದೆ ಎಂಬುದನ್ನು. ಒಂದು ಉದಾಹರಣೆಯನ್ನು ಪೂರ್ತಿಯಾಗಿ ನೋಡೋಣ. ಫೋಟೊದಲ್ಲಿ ಎರಡು ಸಮಾಂತರ ಹಳಿಗಳಿವೆ, ನಡುವಿನ ಅಂತರ 0.5 ಮೀಟರ್. ಹಳಿಗಳ ತಲಕ್ಕೆ ಲಂಬವಾಗಿ 0.4 ಟೆಸ್ಲಾ ಕಾಂತಕ್ಷೇತ್ರವಿದೆ. ಒಂದು ತುದಿಯಲ್ಲಿ 2 ಓಮ್ ರೋಧಕವಿದ್ದು, ಹಳಿಗಳ ಮೇಲೆ ಅಡ್ಡಲಾಗಿಟ್ಟ ಸರಳನ್ನು ಸೆಕೆಂಡಿಗೆ 5 ಮೀಟರ್ ಸ್ಥಿರ ವೇಗದಲ್ಲಿ ಎಳೆಯಲಾಗುತ್ತಿದೆ. ಘರ್ಷಣೆ ಇಲ್ಲ. ಎಳೆಯಲು ಬೇಕಾದ ಬಲ ಎಷ್ಟು ಎಂಬುದು ಪ್ರಶ್ನೆ. ಹುಡುಗಿಯೊಬ್ಬಳು ಇದರೊಂದಿಗೆ ಬರೆದಿದ್ದ ಸಾಲು: "ಸರ್, ಕರೆಂಟ್ ಬಂತು, ಫೋರ್ಸ್‌ಗೆ ಏನು ಮಾಡಬೇಕೋ ತಿಳಿಯಲಿಲ್ಲ."

Blv ಸೂತ್ರದಿಂದ 1 ವೋಲ್ಟ್ ಬರುತ್ತದೆ, ಅದರಿಂದ ವಿದ್ಯುತ್ ಪ್ರವಾಹ 0.5 ಆಂಪಿಯರ್. ಅಲ್ಲಿಯವರೆಗೆ ಅವಳು ಸರಿಯಾಗಿಯೇ ಬಂದಿದ್ದಾಳೆ, ಅಂದರೆ ಪ್ರೇರಿತ ವಿದ್ಯುಚ್ಚಾಲಕ ಬಲದ ಸೂತ್ರ ಅವಳ ತೊಡಕಲ್ಲ. ವೇಗ ಸ್ಥಿರವಾಗಿದೆ ಎಂದರೆ ನಿವ್ವಳ ಬಲ ಸೊನ್ನೆ, ಆದ್ದರಿಂದ ಎಳೆಯುವ ಬಲವು ಸರಳಿನ ಮೇಲೆ ಕಾಂತಕ್ಷೇತ್ರ ಹಾಕುವ BIl ಬಲಕ್ಕೆ ಸಮ ಎಂಬ ಹೆಜ್ಜೆಯನ್ನು ಅವಳು ಕಂಡಿಲ್ಲ. ಉತ್ತರ 0.1 ನ್ಯೂಟನ್. ಬಲದ ಸಾಮರ್ಥ್ಯ Fv ಲೆಕ್ಕ ಹಾಕಿದರೆ 0.5 ವ್ಯಾಟ್, ರೋಧಕದಲ್ಲಿ ಖರ್ಚಾಗುವ I²R ಕೂಡ 0.5 ವ್ಯಾಟ್, ಹೀಗೆ ತಾಳೆ ನೋಡಿಕೊಳ್ಳಬಹುದು. ಈ ಫೋಟೊ 6ನೇ ಅಧ್ಯಾಯವಾದ ವಿದ್ಯುತ್ಕಾಂತೀಯ ಪ್ರೇರಣೆಯದೇ ಆದರೂ, ನಾನು ಇದನ್ನು ಸೇರಿಸುವುದು "ಚಲಿಸುವ ಸರಳು: ಬಲ ಮತ್ತು ಶಕ್ತಿ" ಎಂಬ ಸೆಟ್‌ಗೆ. ಬರೀ Blv ಹಾಕಿ ಮುಗಿಯುವ ಪ್ರಶ್ನೆಗಳ ಸೆಟ್ ಬೇರೆಯೇ ಇದೆ. ಫೈಲಿನ ಹೆಸರನ್ನು ಹೀಗೆ ಬದಲಿಸುತ್ತೇನೆ:

```
2-06-bala-017.jpg
```

ದ್ವಿತೀಯ ಪಿಯು, 6ನೇ ಅಧ್ಯಾಯ, ಸೆಟ್‌ನ ಗುರುತು, ಕ್ರಮಸಂಖ್ಯೆ ಎಂದು ಇದರ ಅರ್ಥ. ಒಂದು ಪ್ರಶ್ನೆ ಒಂದೇ ಸೆಟ್‌ನಲ್ಲಿರಬೇಕು. 4ನೇ ಅಧ್ಯಾಯದ ವಾಹಕದ ಮೇಲಿನ ಬಲಕ್ಕೂ ಇದಕ್ಕೂ ನಂಟಿದೆ ಎಂಬುದನ್ನು ಶೀಟಿನ ಇನ್ನೊಂದು ಕಾಲಂನಲ್ಲಿ ಬರೆದಿಡುತ್ತೇನೆ, ಫೋಟೊವನ್ನು ಎರಡು ಕಡೆ ನಕಲು ಮಾಡುವುದಿಲ್ಲ.

ಇದೇ ಚಿತ್ರದ ಇನ್ನೊಂದು ಫೋಟೊ ಬಂದಾಗ ಬಹಳ ಎಚ್ಚರ ಬೇಕು. ಅಂಕಿಗಳಷ್ಟೇ ಬದಲಾಗಿದ್ದರೆ ಅದು ನಕಲು. ಸ್ಪಷ್ಟವಾಗಿರುವ ಒಂದನ್ನು ಉಳಿಸಿಕೊಂಡು, ಎಷ್ಟು ಮಂದಿ ಕೇಳಿದರೆಂಬ ಲೆಕ್ಕವನ್ನು ಶೀಟಿನಲ್ಲಿ ಏರಿಸುತ್ತೇನೆ. ಆದರೆ ರೋಧಕದ ಜಾಗದಲ್ಲಿ 10 ಮೈಕ್ರೊಫ್ಯಾರಡ್ ಕೆಪಾಸಿಟರ್ ಇದ್ದು ಉಳಿದದ್ದೆಲ್ಲ ಹಾಗೇ ಇದ್ದರೆ, ಕಣ್ಣಿಗೆ ಅವಳಿಯಂತೆ ಕಂಡರೂ ಅದು ಬೇರೆಯೇ ಪ್ರಶ್ನೆ. ವೇಗ ಸ್ಥಿರವಾಗಿರುವಾಗ ವೋಲ್ಟೇಜ್ 1 ವೋಲ್ಟ್‌ನಲ್ಲೇ ನಿಲ್ಲುತ್ತದೆ, ಕೆಪಾಸಿಟರ್‌ನ ವಿದ್ಯುದಂಶ 10 ಮೈಕ್ರೊಕೂಲಂಬ್‌ನಲ್ಲಿ ಸ್ಥಿರವಾಗುತ್ತದೆ, ಪ್ರವಾಹ ಹರಿಯುವುದಿಲ್ಲ, ಎಳೆಯಲು ಬಲವೂ ಬೇಕಿಲ್ಲ. ರೋಧಕದ ಲೆಕ್ಕವನ್ನು ಬಾಯಿಪಾಠ ಮಾಡಿದವರು ಇಲ್ಲಿ ಬೀಳುತ್ತಾರೆ. ಅದಕ್ಕೇ ಇಂಥ ಎರಡನ್ನು ಸೆಟ್‌ನಲ್ಲಿ ಬೇಕೆಂದೇ ಒಂದರ ಹಿಂದೊಂದು ಇಡುತ್ತೇನೆ. ಫೋಟೊಗಳನ್ನು ಚಿಕ್ಕ ಚಿತ್ರಗಳಾಗಿ ಸಾಲಾಗಿ ನೋಡುತ್ತಾ ನಕಲು ಅಳಿಸುವ ಅಭ್ಯಾಸವಿದ್ದವರ ಕೈಯಲ್ಲಿ ಮೊದಲು ಹೋಗುವುದು ಈ ಅಮೂಲ್ಯ ಜೋಡಿಗಳೇ.

ಎಲ್ಲ ಫೋಟೊಗಳೂ ವಿಷಯವಾರು ಸೆಟ್‌ಗೆ ಹೋಗಬೇಕಾಗಿಲ್ಲ. "ಎಲ್ಲ ಬಂತು, ಉತ್ತರ ಮಾತ್ರ ಆಪ್ಷನ್‌ನಲ್ಲಿ ಇಲ್ಲ" ಎಂದು ಬರೆದವರ ಲೆಕ್ಕದ ಹಾಳೆ ತರಿಸಿ ನೋಡಿದರೆ, ಸೆಂಟಿಮೀಟರನ್ನು ಮೀಟರಿಗೆ ತಂದಿರುವುದಿಲ್ಲ, ಇಲ್ಲವೇ ವ್ಯಾಸವನ್ನು ತ್ರಿಜ್ಯವೆಂದು ಹಾಕಿರುತ್ತಾರೆ. ಅಂಥವು ಯಾವ ಅಧ್ಯಾಯದವೇ ಆಗಲಿ, "ಲೆಕ್ಕದ ಜಾರು" ಎಂಬ ಒಂದೇ ಸೆಟ್‌ಗೆ ಸೇರುತ್ತವೆ. ಹಳೆಯ ಮಾಡ್ಯೂಲ್‌ಗಳಿಂದ ಬರುವ ಪೊಟೆನ್ಶಿಯೋಮೀಟರ್, ಡಾಪ್ಲರ್ ಪರಿಣಾಮದ ಪ್ರಶ್ನೆಗಳು ಈಗಿನ ಎನ್‌ಸಿಇಆರ್‌ಟಿ ಪಠ್ಯದಲ್ಲಿಲ್ಲ. ಅವನ್ನೂ ಪ್ರತ್ಯೇಕಿಸಿ, ಆ ವರ್ಷದ ಪಠ್ಯಕ್ರಮ ನೋಡಿದ ಮೇಲಷ್ಟೇ ಬಳಸುತ್ತೇನೆ. 2024ರ ಸಿಇಟಿಯಲ್ಲಿ ಪಠ್ಯಕ್ರಮದ ಹೊರಗಿನ ಪ್ರಶ್ನೆಗಳು ಬಂದು, ಅವನ್ನು ಮೌಲ್ಯಮಾಪನದಿಂದ ಕೈಬಿಡಬೇಕಾದ ಪ್ರಸಂಗ ನಡೆದ ಮೇಲೆ ವಿದ್ಯಾರ್ಥಿಗಳೂ ಈ ಬಗ್ಗೆ ಮತ್ತೆ ಮತ್ತೆ ಕೇಳುತ್ತಾರೆ.

ಸೆಟ್‌ಗೆ ಸೇರಿಸುವ ಮುನ್ನ ಪ್ರತಿ ಪ್ರಶ್ನೆಯನ್ನೂ ನಾನೇ ಬಿಡಿಸುತ್ತೇನೆ, ಏಕೆಂದರೆ ಡೌಟ್ ಎಂದು ಬಂದ ಕೆಲವು ಪ್ರಶ್ನೆಗಳಲ್ಲಿ ತಪ್ಪಿರುವುದು ಪುಸ್ತಕದ ಕೀ ಉತ್ತರದಲ್ಲಿ. ಫೋಟೊದಲ್ಲಿ ಪೆನ್ಸಿಲ್ ಟಿಕ್ ಬಿದ್ದಿರುತ್ತದೆ, ನಾಲ್ಕನೆಯ ಆಯ್ಕೆ ಮುಂದಿನ ಪುಟಕ್ಕೆ ಹೋಗಿರುತ್ತದೆ, "ಚಿತ್ರದಲ್ಲಿ ತೋರಿಸಿದಂತೆ" ಎಂದಿದ್ದರೂ ಚಿತ್ರ ಪಕ್ಕದ ಅಂಕಣದಲ್ಲೇ ಉಳಿದಿರುತ್ತದೆ. ಹೀಗಿರುವುದರಿಂದ ಫೋಟೊವನ್ನೇ ಅಂಟಿಸದೆ, ಪ್ರಶ್ನೆಯನ್ನು ನನ್ನ ಮಾತಿನಲ್ಲಿ ಟೈಪ್ ಮಾಡಿ, ಅಂಕಿಗಳನ್ನು ಬದಲಿಸಿ, ಚಿತ್ರವನ್ನು ಕೈಯಲ್ಲೇ ಬರೆದು ಸೇರಿಸುತ್ತೇನೆ. ಬೇರೆಯವರ ಮಾಡ್ಯೂಲ್‌ನ ಪುಟಗಳನ್ನು ಹಂಚಿದಂತೆಯೂ ಆಗುವುದಿಲ್ಲ, ಅಂಚಿನಲ್ಲಿರುವ ವಿದ್ಯಾರ್ಥಿಯ ಹೆಸರು, ರೋಲ್ ನಂಬರ್ ಹೊರಗೆ ಹೋಗುವುದೂ ಇಲ್ಲ. ಸಮಯ ತಿನ್ನುವ ಕೆಲಸ ಇದೊಂದೇ.

ಸೆಟ್‌ನಲ್ಲಿ 15 ಪ್ರಶ್ನೆಗಳಿಗಿಂತ ಹೆಚ್ಚು ಇರಿಸುವುದಿಲ್ಲ. ಸಿಇಟಿಯಲ್ಲಿ 60 ಪ್ರಶ್ನೆಗಳಿಗೆ 80 ನಿಮಿಷ ಸಿಗುವುದರಿಂದ 15 ಪ್ರಶ್ನೆಗಳು 20 ನಿಮಿಷಕ್ಕೆ ಸರಿಹೊಂದುತ್ತವೆ, ತರಗತಿಯ ಉಳಿದ ವೇಳೆ ಚರ್ಚೆಗೆ ಸಿಗುತ್ತದೆ. ಹೆಚ್ಚು ಮಂದಿ ಕೇಳಿದ ಪ್ರಶ್ನೆಗಳಿಗೆ ಮೊದಲ ಆದ್ಯತೆ. ಒಂದು ಸೆಟ್‌ಗೆ ಐದಾರು ಪ್ರಶ್ನೆಗಳೂ ಕೂಡಿಬರದಿದ್ದರೆ ಅದನ್ನು ಪಕ್ಕದ ಸೆಟ್‌ನೊಂದಿಗೆ ಬೆರೆಸುತ್ತೇನೆ. ತರಗತಿಯ ಹೆಚ್ಚಿನವರು ಸರಿಯಾಗಿ ಬಿಡಿಸಿದ ಪ್ರಶ್ನೆ ಸೆಟ್‌ನಿಂದ ಹೊರಬೀಳುತ್ತದೆ, ಆ ಜಾಗಕ್ಕೆ ಅದೇ ಹೆಜ್ಜೆಯ ಮೇಲೆ ನಿಂತ ಹೊಸ ಫೋಟೊದ ಪ್ರಶ್ನೆ ಬರುತ್ತದೆ. ಕೆಪಾಸಿಟರ್ ಇರುವ ಸರಳಿನ ಪ್ರಶ್ನೆ ಮಾತ್ರ ಈವರೆಗೆ ಹೊರಬಿದ್ದಿಲ್ಲ.